ಶಿರಸಿಯಲ್ಲಿ ಔಷಧ ಅಂಗಡಿಗೆ ಜಾಗ ನೋಡುವಾಗ ಚೀಟಿ ಎಣಿಸುವ ಬಗೆ

ನನ್ನ ತಂಗಿಯ ಮಗಳು ಡಿ.ಫಾರ್ಮ್ ಮುಗಿಸಿ, ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡು, ಎರಡು ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದ ಮೇಲೆ ಒಂದು ಸಂಜೆ ನನ್ನ ಔಷಧ ಅಂಗಡಿಯ ಕೌಂಟರಿನ ಮುಂದೆ ಬಂದು ನಿಂತಳು. "ಮಾವ, ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಖಾಲಿಯಾಗಿದೆ. ದಿನವಿಡೀ ಜನ. ಈ ವಾರವೇ ಮುಂಗಡ ಕೊಡಬೇಕಂತೆ" ಎಂದಳು. ಮುಂಗಡದ ಮಾತು ಮೂರು ವಾರ ಮುಂದೆ ಹೋಗಲಿ, ಅಷ್ಟರೊಳಗೆ ಆ ಜನರಲ್ಲಿ ಎಷ್ಟು ಮಂದಿ ಔಷಧ ಕೊಳ್ಳುವವರು ಎಂದು ನೋಡೋಣ ಎಂದೆ. ಆ ಮೂರು ವಾರಗಳಲ್ಲಿ ನಾವಿಬ್ಬರೂ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಗಡಿಯಾರ ಮತ್ತು ನಿಲ್ಲುವ ತಾಳ್ಮೆ.

ವೃತ್ತ ಎಳೆಯುವುದರಿಂದ ಆಗುವ ತಪ್ಪು

ಅಂಗಡಿಗೆ ಎಲ್ಲಿಂದ ಗಿರಾಕಿ ಬರುತ್ತಾರೆ ಎಂದು ಕೇಳಿದರೆ ಹೆಚ್ಚಿನವರು ನಕ್ಷೆಯ ಮೇಲೆ ಅಂಗಡಿಯನ್ನು ನಡುವೆ ಇಟ್ಟು ಸುತ್ತಲೂ ಒಂದು ವೃತ್ತ ಎಳೆಯುತ್ತಾರೆ. ತರಕಾರಿ, ಹಾಲಿನ ಅಂಗಡಿಗೆ ಅದು ಸುಮಾರಾಗಿ ಸರಿ. ಔಷಧ ಅಂಗಡಿಗೆ ಅಲ್ಲ. ಕೆಲವು ವರ್ಷಗಳ ಹಿಂದೆ ನಾನು ಹದಿನೈದು ದಿನ ಪ್ರತಿ ಬಿಲ್ಲಿನ ಎದುರು ಗಿರಾಕಿಯ ಊರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ಹೆಸರು ಬೇಡ, ಕಾಯಿಲೆ ಬೇಡ, ಊರು ಸಾಕು. ಪುಟಗಳನ್ನು ಕೂಡಿಸಿ ನೋಡಿದಾಗ ದೂರದ ಹಳ್ಳಿಗಳಾದ ಹುಲೇಕಲ್, ವಾನಳ್ಳಿ ಕಡೆಯವರು ಸಾಲುಸಾಲಾಗಿ ಸಿಕ್ಕಿದರು. ಅಂಗಡಿಯ ಹಿಂದಿನ ಓಣಿ ದಾಟಿದರೆ ಸಿಗುವ ಕೇರಿಯವರು ಬೆರಳೆಣಿಕೆಯಷ್ಟು ಮಾತ್ರ.

ಕಾರಣ ಬಹಳ ಸರಳ. ನಮ್ಮ ಕಡೆಯವರು ಔಷಧ ತರಲೆಂದೇ ಮನೆಯಿಂದ ಹೊರಡುವುದು ಕಡಿಮೆ. ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾರೆ, ಡಾಕ್ಟರಿಗೆ ತೋರಿಸುತ್ತಾರೆ, ಬ್ಯಾಂಕಿನ ಕೆಲಸವನ್ನೋ ಅಡಿಕೆ ವ್ಯಾಪಾರವನ್ನೋ ಮುಗಿಸುತ್ತಾರೆ, ಮರಳುವ ಬಸ್ಸು ಹಿಡಿಯುತ್ತಾರೆ. ಡಾಕ್ಟರ ಚೀಟಿ ಕೈಗೆ ಬಂದ ಜಾಗದಿಂದ ಬಸ್ಸು ಸಿಗುವ ಜಾಗದವರೆಗಿನ ದಾರಿಯಲ್ಲಿ ಎಲ್ಲಿಯೋ ಔಷಧ ಕೊಳ್ಳುತ್ತಾರೆ. ನನ್ನ ಅಂಗಡಿ ಹುಲೇಕಲ್ ಬಸ್ಸಿಗೆ ಹೋಗುವವರ ದಾರಿಯಲ್ಲಿತ್ತು. ಹಿಂದಿನ ಕೇರಿಯವರ ದಾರಿಯಲ್ಲಿ ಅದು ಇರಲೇ ಇಲ್ಲ.

ಹಾಗಾಗಿ ಮೊದಲ ಹೆಜ್ಜೆಯಾಗಿ ಒಂದು ದೊಡ್ಡ ಹಾಳೆಯ ಮೇಲೆ ಗಿರಾಕಿಗಳು ಬರುವ ವ್ಯಾಪ್ತಿಯನ್ನು ಮೂರು ಬಣ್ಣಗಳಲ್ಲಿ ಬರೆಯಿರಿ. ಒಂದು ಬಣ್ಣ ನಡೆದು ಬರುವವರದು. ಇದಕ್ಕೆ ಐದು ನಿಮಿಷದ ನಡಿಗೆ, ಸುಮಾರು 400 ಮೀಟರ್, ಸಾಕು. ಆದರೆ ಅದನ್ನು ನಕ್ಷೆಯಲ್ಲಿ ಅಳೆಯದೆ ವಯಸ್ಸಾದವರ ನಡಿಗೆಯಲ್ಲಿ ನಡೆದು ಅಳೆಯಿರಿ. ಶಿರಸಿಯ ಓಣಿಗಳಲ್ಲಿ ಏರು ಇಳಿಜಾರು ಬಹಳ. 400 ಮೀಟರ್ ಎಂದು ಕಂಡದ್ದು ಮೊಣಕಾಲು ನೋವಿನವರಿಗೆ 200 ಮೀಟರಿಗೇ ಮುಗಿದುಹೋಗುತ್ತದೆ. ಎರಡನೆಯ ಬಣ್ಣ ಸುತ್ತಲಿನ ವೈದ್ಯರಿಂದ ಹೊರಡುವವರದು. ಮೂರನೆಯದು ಬಸ್ಸಿನ ದಾರಿಯದು: ಬನವಾಸಿ ರಸ್ತೆ, ಯಲ್ಲಾಪುರ ರಸ್ತೆ, ನೀಲೇಕಣಿ ಮೇಲೆ ಹೋಗುವ ಕುಮಟಾ ರಸ್ತೆ, ಹುಲೇಕಲ್ ರಸ್ತೆ, ಹೀಗೆ ಯಾವ ಕಡೆಯವರು ನಿಮ್ಮ ಬಾಗಿಲ ಮುಂದೆ ಹಾದು ಊರಿಗೆ ಮರಳುತ್ತಾರೆ ಎಂಬುದು. ಬನವಾಸಿಯಂತಹ ಊರಿನಲ್ಲಿ ಅದರದೇ ಅಂಗಡಿಗಳಿವೆ. ಅಲ್ಲಿಯವರು ಜ್ವರದ ಮಾತ್ರೆಗೆ ನಿಮ್ಮಲ್ಲಿಗೆ ಬರುವುದಿಲ್ಲ, ಶಿರಸಿಯ ವೈದ್ಯರು ಬರೆದ ಚೀಟಿಗೆ ಬರುತ್ತಾರೆ.

ಕರಾವಳಿಯವರು ಇದೇ ಹಾಳೆಯನ್ನು ಬೇರೆ ರೀತಿ ಬರೆಯಬೇಕಾಗುತ್ತದೆ. ಕಾರವಾರ, ಅಂಕೋಲಾಗಳಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ. ವ್ಯಾಪ್ತಿ ಪಟ್ಟಿಯಂತೆ ಉದ್ದಕ್ಕೆ ಹೋಗುತ್ತದೆ. ಅದರ ನಡುವೆ ಚತುಷ್ಪಥವಾದ ಹೆದ್ದಾರಿ 66 ಇದೆ. ವಿಭಜಕ ಇರುವ ಕಡೆ ಹೆದ್ದಾರಿಯ ಆಚೆ ಬದಿಯ ಮನೆಗಳು ಕಣ್ಣೆದುರಿಗೆ ಇದ್ದರೂ ನಿಮ್ಮ ವ್ಯಾಪ್ತಿಯಲ್ಲಿ ಇಲ್ಲ ಎಂದೇ ಹಿಡಿಯಿರಿ. ದಾಟುವ ಜಾಗ ಎಲ್ಲಿದೆ ಎಂದು ನೋಡಿ, ಅಲ್ಲಿಂದ ಅಳೆಯಲು ಶುರು ಮಾಡಿ.

ವೈದ್ಯರ ಪಟ್ಟಿ

ಎರಡನೆಯ ಹೆಜ್ಜೆ ವೈದ್ಯರ ಪಟ್ಟಿ. ಅಂಗಡಿಯಿಂದ 300 ಮೀಟರ್ ಒಳಗೆ ಕೂರುವ ಪ್ರತಿಯೊಬ್ಬ ವೈದ್ಯರನ್ನೂ ಬರೆದು, ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ತುಂಬಬೇಕು: ಯಾವ ದಿನ, ಯಾವ ಹೊತ್ತು ಕೂರುತ್ತಾರೆ; ಚೀಟಿ ಬರೆಯುತ್ತಾರೋ, ಔಷಧವನ್ನು ತಾವೇ ಕೊಡುತ್ತಾರೋ; ಆ ಕಟ್ಟಡದೊಳಗೆ ಈಗಾಗಲೇ ಔಷಧ ಅಂಗಡಿ ಇದೆಯೋ; ಕಟ್ಟಡ ಸ್ವಂತದ್ದೋ, ಬಾಡಿಗೆಯದೋ.

ಎರಡನೆಯ ಪ್ರಶ್ನೆಯನ್ನು ಮರೆತವರು ಬಹಳ. ಹಳೆಯ ಕುಟುಂಬ ವೈದ್ಯರು ಅನೇಕರು ಮಾತ್ರೆಯನ್ನು ತಾವೇ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅಂತಹ ಚಿಕಿತ್ಸಾಲಯದ ಮುಂದೆ ಐವತ್ತು ಜನ ಕುಳಿತಿದ್ದರೂ ಹೊರಗೆ ಬರುವ ಚೀಟಿ ಐದೋ ಆರೋ. ಸರ್ಕಾರಿ ಆಸ್ಪತ್ರೆಯ ಎದುರಿನ ಜಾಗವನ್ನೂ ಹಾಗೆಯೇ ನೋಡಬೇಕು. ಒಳಗೆ ಔಷಧ ಉಚಿತವಾಗಿ ಸಿಗುತ್ತದೆ. ಹೊರಗೆ ಬರುವುದು ಒಳಗೆ ದಾಸ್ತಾನು ಇಲ್ಲದ ಔಷಧದ ಚೀಟಿ ಮಾತ್ರ, ಅದೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಮೂರನೆಯ ಪ್ರಶ್ನೆಯ ಬೆಲೆಯನ್ನು ನಾನೇ ತೆತ್ತಿದ್ದೇನೆ. ಒಂದು ಖಾಸಗಿ ನರ್ಸಿಂಗ್ ಹೋಮಿನ ಎದುರು ಎರಡನೆಯ ಅಂಗಡಿ ತೆರೆದಿದ್ದೆ. ಆಗ ಅವರಲ್ಲಿ ಔಷಧ ಅಂಗಡಿ ಇರಲಿಲ್ಲ. ಹದಿನಾಲ್ಕನೆಯ ತಿಂಗಳಿನಲ್ಲಿ ಅವರು ಮೆಟ್ಟಿಲ ಕೆಳಗೆ ತಮ್ಮದೇ ಅಂಗಡಿ ತೆರೆದರು. ನನ್ನ ಬಿಲ್ಲುಗಳು ಒಂದೇ ವಾರದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದವು, ಆ ವರ್ಷದ ಕೊನೆಗೆ ಬಾಗಿಲು ಹಾಕಿದೆ. ಹಾಸಿಗೆಗಳಿರುವ ಆಸ್ಪತ್ರೆಯಲ್ಲಿ ಇಂದು ಅಂಗಡಿ ಇಲ್ಲದಿದ್ದರೆ ನಾಳೆ ಬರುತ್ತದೆ ಎಂದೇ ಲೆಕ್ಕ ಹಿಡಿಯಬೇಕು. ಒಬ್ಬರೋ ಇಬ್ಬರೋ ಕೂರುವ ಚಿಕ್ಕ ಚಿಕಿತ್ಸಾಲಯಗಳು ನಾಲ್ಕೈದು ಸೇರಿರುವ ಓಣಿ ಅದಕ್ಕಿಂತ ಭದ್ರ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವೈದ್ಯರನ್ನು ಭೇಟಿಯಾಗಿ ಅಂಗಡಿ ತೆರೆಯುವ ವಿಚಾರ ತಿಳಿಸಿ, ಅವರು ಸಾಮಾನ್ಯವಾಗಿ ಬರೆಯುವ ಔಷಧಗಳ ಪಟ್ಟಿ ಕೇಳಿ. ಅದು ಸರಿಯಾದ ಕೆಲಸ. ಚೀಟಿ ಕಳಿಸಿದ್ದಕ್ಕೆ ಪಾಲು ಕೊಡುವ ಮಾತು ಮಾತ್ರ ಯಾರ ಬಾಯಿಂದಲೂ ಬರಬಾರದು. ವೈದ್ಯರ ವೃತ್ತಿ ನಿಯಮದಲ್ಲಿ ಅದು ನಿಷಿದ್ಧ. ಆ ಪಾಲು ಕೊನೆಗೆ ರೋಗಿಯ ಜೇಬಿನಿಂದಲೇ ಹೋಗಬೇಕು.

ನಿಂತು ಎಣಿಸುವುದು

ಈಗ ಓಡಾಟದ ಎಣಿಕೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಪ್ರತಿ ಗಂಟೆಯಲ್ಲಿ ಹದಿನೈದು ನಿಮಿಷ ಮಾತ್ರ ಎಣಿಸಿ, ಒಟ್ಟು ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ದಿನದ ಅಂದಾಜು ಸಿಗುತ್ತದೆ. ಪ್ರತಿ ಗಂಟೆಯಲ್ಲೂ ಅದೇ ಹದಿನೈದು ನಿಮಿಷ ಹಿಡಿಯಬೇಡಿ. ಒಮ್ಮೆ ಗಂಟೆಯ ಮೊದಲಿಗೆ, ಒಮ್ಮೆ ನಡುವೆ ಹಿಡಿಯಿರಿ. ಇಲ್ಲದಿದ್ದರೆ ಒಂದೇ ಬಸ್ಸಿನಿಂದ ಇಳಿದವರು ಪ್ರತಿ ಸಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತಾರೆ, ಅಥವಾ ಪ್ರತಿ ಸಲವೂ ತಪ್ಪಿಹೋಗುತ್ತಾರೆ.

ಯಾವ ದಿನ ಎಣಿಸುತ್ತೀರಿ ಎಂಬುದು ಎಣಿಕೆಯಷ್ಟೇ ಮುಖ್ಯ. ಶಿರಸಿಯಲ್ಲಿ ಮಂಗಳವಾರ ಸಂತೆ. ಆ ದಿನ ಒಂದನ್ನೇ ನೋಡಿದರೆ ಯಾವ ಜಾಗವೂ ಬಂಗಾರದಂತೆ ಕಾಣುತ್ತದೆ. ಒಂದು ಮಂಗಳವಾರ, ಒಂದು ಬುಧವಾರ ಅಥವಾ ಗುರುವಾರ, ಒಂದು ಭಾನುವಾರ, ಹೀಗೆ ಮೂರು ದಿನ ಬೇಕೇ ಬೇಕು. ಕಾರವಾರದಲ್ಲಿ ಸಂತೆ ಭಾನುವಾರ. ಅಲ್ಲಿ ವೈದ್ಯರು ಸಿಗದ ದಿನವೇ ಪೇಟೆಯಲ್ಲಿ ಜನ ಹೆಚ್ಚು, ಹಾಗಾಗಿ ಆ ಜನಸಂದಣಿ ಔಷಧದ ಲೆಕ್ಕಕ್ಕೆ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ಯಾವ ಎಣಿಕೆಯೂ ಬೇಡ. ಅಡಿಕೆ ಮಾರಾಟದ ತಿಂಗಳುಗಳಲ್ಲಿ ಎಣಿಸಿದ್ದರೆ ಮಳೆಗಾಲಕ್ಕೆ ಅದನ್ನು ಕಡಿಮೆ ಮಾಡಿಕೊಂಡೇ ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಏನನ್ನು ಎಣಿಸಬೇಕು ಎಂಬುದು. ನಾವು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿದ್ದೆವು. ಮೊದಲನೆಯದರಲ್ಲಿ ಅಂಗಡಿಯ ಬದಿಯಲ್ಲೇ ನಡೆದುಹೋದ ಎಲ್ಲರೂ. ಎರಡನೆಯದರಲ್ಲಿ ಕೈಯಲ್ಲಿ ಔಷಧದ ಕವರ್ ಹಿಡಿದವರು. ಮೂರನೆಯದರಲ್ಲಿ ಚೀಟಿ, ಫೈಲು ಅಥವಾ ಎಕ್ಸ್‌ರೇ ಲಕೋಟೆ ಇದ್ದು ಔಷಧದ ಕವರ್ ಇಲ್ಲದವರು. ನಿಮ್ಮ ಅಂಗಡಿ ನಿಲ್ಲುವುದು ಈ ಮೂರನೆಯ ಅಂಕಣದ ಮೇಲೆ. ಕವರ್ ಹಿಡಿದವರ ಖರೀದಿ ಆಗಲೇ ಮುಗಿದಿದೆ. ಅವರು ನಿಮ್ಮ ಮುಂದೆ ಹಾದುಹೋಗುತ್ತಾರೆ ಅಷ್ಟೆ.

ಬಸ್ ನಿಲ್ದಾಣದ ಹತ್ತಿರದ ಮಳಿಗೆಯ ಎದುರು ಒಂದು ಗುರುವಾರ ನಿಂತೆವು. ಹನ್ನೆರಡು ಸಲದ ಎಣಿಕೆಯಲ್ಲಿ 610 ಜನ ಹಾದುಹೋದರು, ಎಂದರೆ ದಿನಕ್ಕೆ 2,440. ಅವರಲ್ಲಿ ಔಷಧದ ಕವರ್ ಹಿಡಿದವರು 19. ಚೀಟಿ ಇದ್ದು ಕವರ್ ಇಲ್ಲದವರು 3. ಸಂಜೆ ಐದರ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದರು. ಬಗಲಲ್ಲಿ ಎಕ್ಸ್‌ರೇ ಲಕೋಟೆ, ಬೆರಳಿಗೆ ಸಿಕ್ಕಿಸಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸ್ಟ್ರಿಪ್ ಮಾತ್ರೆ ಮತ್ತು ಒಂದು ಸಿರಪ್ ಬಾಟಲಿ. ಕವರಿನ ಮೇಲೆ ಆಸ್ಪತ್ರೆಯ ಹತ್ತಿರದ ಅಂಗಡಿಯ ಹೆಸರಿತ್ತು. ನನ್ನ ಸೊಸೆ ಆ ಹೆಸರನ್ನು ಓದಿ ನೋಟ್‌ಬುಕ್ಕಿನ ಎರಡನೆಯ ಅಂಕಣದಲ್ಲಿ ಗೆರೆ ಎಳೆದಳು, ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಎರಡನೆಯ ಜಾಗ ಊರಿನ ಹೊಸ ಬಡಾವಣೆಯ ಒಂದು ರಸ್ತೆ. ಎರಡು ಚಿಕಿತ್ಸಾಲಯ, ಒಂದು ಹಲ್ಲಿನ ಡಾಕ್ಟರ್, ಸುತ್ತ ಮನೆಗಳು, ಆಚೆ ಬದಿಯಲ್ಲಿ 120 ಮೀಟರ್ ದೂರಕ್ಕೆ ಒಂದು ಹಳೆಯ ಔಷಧ ಅಂಗಡಿ. ಮರುವಾರದ ಗುರುವಾರ ಅಲ್ಲಿ ಎಣಿಸಿದಾಗ ಹಾದುಹೋದವರು 148, ದಿನಕ್ಕೆ 592. ನಿಲ್ದಾಣದ ಕಾಲು ಭಾಗವೂ ಇಲ್ಲ. ಆದರೆ ಮೂರನೆಯ ಅಂಕಣದಲ್ಲಿ 19 ಗೆರೆಗಳಿದ್ದವು, ಅಂದರೆ ದಿನಕ್ಕೆ ಸುಮಾರು 76 ಚೀಟಿ. ನಿಲ್ದಾಣದಲ್ಲಿ 12.

ಎಣಿಸುವಾಗ ರಸ್ತೆಯ ಯಾವ ಬದಿ ಎಂಬುದನ್ನೂ ಬರೆದುಕೊಳ್ಳಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮಗು ಇರುವ ತಾಯಿ ಔಷಧಕ್ಕಾಗಿ ರಸ್ತೆ ದಾಟುವುದಿಲ್ಲ. ಚಿಕಿತ್ಸಾಲಯದ ಬದಿಯಲ್ಲೇ ಇದ್ದು, ಮುಂದೆ ಮಾಡು ಚಾಚಿಕೊಂಡಿರುವ ಮಳಿಗೆಗೆ ಆ ನಾಲ್ಕು ತಿಂಗಳು ಎದುರು ಬದಿಯ ಅಂಗಡಿಯ ಚೀಟಿಗಳೂ ಬರುತ್ತವೆ.

ಪಕ್ಕದ ಅಂಗಡಿಯ ಬಿಲ್ ಸಂಖ್ಯೆ

ಇರುವ ಅಂಗಡಿಗಳು ಎಷ್ಟು ವ್ಯಾಪಾರ ಮಾಡುತ್ತಿವೆ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ ಒಂದು ಓಆರ್‌ಎಸ್ ಪೊಟ್ಟಣ ಕೊಂಡು ಬಿಲ್ ಕೇಳಿ. ರಾತ್ರಿ ಮುಚ್ಚುವ ಮೊದಲು ಇನ್ನೊಂದು ಪೊಟ್ಟಣ, ಇನ್ನೊಂದು ಬಿಲ್. ಎರಡರ ಸಂಖ್ಯೆಯ ವ್ಯತ್ಯಾಸವೇ ಆ ದಿನದ ಬಿಲ್ಲುಗಳು. ನಿಲ್ದಾಣದ ಬಳಿಯ ಒಂದು ಅಂಗಡಿಯಲ್ಲಿ ಹೀಗೆ 96 ಬಂತು, ಬಡಾವಣೆಯ ಹಳೆಯ ಅಂಗಡಿಯಲ್ಲಿ 71.

ಈ ಸಂಖ್ಯೆಯನ್ನು ಹಾಗೆಯೇ ನಂಬಬಾರದು. ಎರಡು ಕಂಪ್ಯೂಟರ್ ಇದ್ದರೆ ಬಿಲ್ಲಿನ ಸರಣಿಯೂ ಎರಡು ಇರಬಹುದು. ಸಂಖ್ಯೆಯ ಮುಂದಿನ ಅಕ್ಷರ ಬೇರೆಯಾಗಿದ್ದರೆ ಅದು ಗೊತ್ತಾಗುತ್ತದೆ. ಚಿಕ್ಕ ಖರೀದಿಗೆ ಎಲ್ಲರೂ ಬಿಲ್ ಹಾಕುವುದಿಲ್ಲ. ಆದ್ದರಿಂದ ಅದೇ ದಿನ ಎದುರಿನ ಚಹಾ ಅಂಗಡಿಯಲ್ಲಿ ಒಂದು ಗಂಟೆ ಕುಳಿತು ಒಳಗೆ ಹೋಗಿ ಕವರ್ ಹಿಡಿದು ಬಂದವರನ್ನು ಎಣಿಸಿ ತಾಳೆ ನೋಡಬೇಕು. ಕುಳಿತಾಗ ಕವರಿನ ಗಾತ್ರವನ್ನೂ ಗಮನಿಸಿ. ನಿಲ್ದಾಣದಲ್ಲಿ ಹೆಚ್ಚಿನವರು ಕೊಂಡದ್ದು ವಾಂತಿಯ ಮಾತ್ರೆ, ನೋವಿನ ಮುಲಾಮು, ಓಆರ್‌ಎಸ್; ಬಿಲ್ಲಿಗೆ ಸರಾಸರಿ 70 ರೂಪಾಯಿ ಎಂದು ಹಿಡಿದೆವು. ಬಡಾವಣೆಯಲ್ಲಿ ಐದು ದಿನದ, ಹತ್ತು ದಿನದ ಔಷಧದ ಚೀಟಿಗಳು. ನನ್ನ ಅಂಗಡಿಯ ಅಂತಹ ಚೀಟಿಗಳ ಸರಾಸರಿಯನ್ನು ನೋಡಿ 280 ರೂಪಾಯಿ ಎಂದು ಹಾಕಿದೆವು.

ಮನೆಗಳಲ್ಲಿ ಕೇಳುವ ಪ್ರಶ್ನೆ

ಬಡಾವಣೆಯ ಐದು ನಿಮಿಷದ ನಡಿಗೆಯೊಳಗೆ ಸೊಸೆ ಓಣಿ ಓಣಿ ತಿರುಗಿ ಮನೆಗಳನ್ನು ಎಣಿಸಿದಳು. ಬಾಡಿಗೆ ಮಹಡಿಗಳೂ ಸೇರಿ 420. ಅವುಗಳಲ್ಲಿ ಮೂವತ್ತು ಮನೆಗಳ ಬಾಗಿಲು ತಟ್ಟಿದಳು. ಮೊದಲ ನಾಲ್ಕು ಮನೆಗಳಲ್ಲಿ "ಇಲ್ಲಿ ಔಷಧ ಅಂಗಡಿ ಆದರೆ ಬರುತ್ತೀರಾ?" ಎಂದು ಕೇಳಿದ್ದಳು. ನಾಲ್ಕೂ ಮನೆಯವರು "ಬಂದೇ ಬರುತ್ತೇವೆ, ಒಳ್ಳೆಯದಾಯಿತು" ಎಂದು ಚಹಾ ಕೊಟ್ಟು ಕಳಿಸಿದರು. ಮನೆಗೆ ಬಂದ ಹುಡುಗಿಗೆ ಇಲ್ಲ ಎನ್ನುವ ಮನೆ ನಮ್ಮ ಕಡೆ ಇಲ್ಲ. ಆ ಉತ್ತರದಿಂದ ತಿಳಿಯುವುದು ಏನೂ ಇಲ್ಲ. ಐದನೆಯ ಮನೆಯಿಂದ ಪ್ರಶ್ನೆ ಬದಲಾಯಿಸಿದೆವು: "ಕಳೆದ ಸಲ ಔಷಧ ಎಲ್ಲಿಂದ ತಂದಿರಿ? ಯಾರು ತಂದರು? ಬೇರೆ ಏನಕ್ಕಾದರೂ ಹೋದಾಗ ತಂದದ್ದೋ, ಅದಕ್ಕೆಂದೇ ಹೋದದ್ದೋ?"

ಈಗ ನಿಜವಾದ ಉತ್ತರ ಸಿಕ್ಕಿತು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹಲವು ಮನೆಗಳಲ್ಲಿ ತಿಂಗಳಿಗೊಮ್ಮೆ ಮಗನೋ ಅಳಿಯನೋ ಕೆಲಸದಿಂದ ಬರುವಾಗ ಪೇಟೆಯಿಂದಲೇ ತರುತ್ತಿದ್ದರು. ಕೆಲವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ತೋರಿಸಲು ಹೋದಾಗ ಮೂರು ತಿಂಗಳದ್ದನ್ನು ಅಲ್ಲಿಯೇ ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಈ ವಿಷಯ ದೊಡ್ಡದು. ದೊಡ್ಡ ಕಾಯಿಲೆಗೆ ಜಿಲ್ಲೆಯ ಹೊರಗೆ ಹೋಗುವವರು ಬಹಳ. ಹೊರಗಿನ ವೈದ್ಯರು ಬರೆದ ಕಂಪನಿಯ ಔಷಧ ಇಲ್ಲಿ ಸಿಗದೆ ಹೋಗಿ ಬೇಸತ್ತವರು ಅಂಗಡಿಗೆ ಮರಳುವುದಿಲ್ಲ. ಅಂತಹ ಹಳೆಯ ಚೀಟಿಗಳ ಔಷಧ ಹೆಸರನ್ನು ಮನೆಯವರ ಒಪ್ಪಿಗೆ ಪಡೆದು ಬರೆದುಕೊಂಡು, ಯಾವ ಸ್ಟಾಕಿಸ್ಟ್ ಎಷ್ಟು ದಿನದಲ್ಲಿ ತರಿಸಿಕೊಡುತ್ತಾರೆ ಎಂದು ಮೊದಲೇ ವಿಚಾರಿಸಿದರೆ ಈ ಮನೆಗಳು ನಿಮ್ಮವಾಗುತ್ತವೆ. ನಾವು ಮಾತ್ರ ಲೆಕ್ಕಕ್ಕೆ ಹತ್ತು ಮನೆಗೆ ಒಂದನ್ನೇ ಹಿಡಿದೆವು: 42 ಮನೆ, ತಿಂಗಳಿಗೆ ಮನೆಗೆ 900 ರೂಪಾಯಿ.

ಎರಡೂ ಜಾಗಗಳ ಲೆಕ್ಕ

ನಿಲ್ದಾಣದ ಮಳಿಗೆಯಿಂದ ಶುರು ಮಾಡೋಣ. ಆ ಸಾಲಿನಲ್ಲಿ ಈಗಾಗಲೇ ಮೂರು ಅಂಗಡಿಗಳಿವೆ. ಹೊಸಬರಿಗೆ ದಿನಕ್ಕೆ 50 ಬಿಲ್ ಸಿಕ್ಕರೆ ಒಳ್ಳೆಯದೇ. 70 ರೂಪಾಯಿಯಂತೆ ದಿನಕ್ಕೆ 3,500, ತಿಂಗಳಿಗೆ 1,05,000. ಮುಲಾಮು, ಟಾನಿಕ್‌ಗಳಲ್ಲಿ ಲಾಭಾಂಶ ಸ್ವಲ್ಪ ಹೆಚ್ಚು ಎಂದು ನೂರಕ್ಕೆ 20 ಹಿಡಿದರೆ ಕೈಗೆ ಬರುವುದು 21,000. ಖರ್ಚು: ಬಾಡಿಗೆ 18,000, ಸಹಾಯಕನಿಗೆ 12,000, ವಿದ್ಯುತ್ತಿಗೆ 2,500, ಅವಧಿ ಮೀರಿದ್ದು ಒಡೆದದ್ದು 1,000. ಒಟ್ಟು 33,500. ತಿಂಗಳಿಗೆ 12,500 ರೂಪಾಯಿ ನಷ್ಟ. ನಷ್ಟವಿಲ್ಲದೆ ನಿಲ್ಲಬೇಕಾದರೆ ದಿನಕ್ಕೆ 80 ಬಿಲ್ ಬೇಕು. ಅಲ್ಲಿ ಬೇರೂರಿದ ಅಂಗಡಿಗೇ 96.

ಬಡಾವಣೆಯಲ್ಲಿ ದಿನಕ್ಕೆ 76 ಚೀಟಿ ಹೊರಡುತ್ತವೆ. ಮೊದಲ ವರ್ಷ ಮೂರನೆಯ ಒಂದು ಪಾಲು, 25 ಎಂದು ಹಿಡಿದೆವು. ಭಾನುವಾರ ಚಿಕಿತ್ಸಾಲಯ ಇಲ್ಲದ್ದರಿಂದ ತಿಂಗಳಿಗೆ 26 ದಿನ, 280 ರೂಪಾಯಿಯಂತೆ 1,82,000. ತಿಂಗಳ ಔಷಧದ 42 ಮನೆಗಳಿಂದ 37,800. ದಿನಕ್ಕೆ ಹದಿನೈದು ಚಿಲ್ಲರೆ ಖರೀದಿ, 60 ರೂಪಾಯಿಯಂತೆ 27,000. ಒಟ್ಟು 2,46,800. ಚೀಟಿಯ ಔಷಧಗಳಲ್ಲಿ ಲಾಭಾಂಶ ಕಡಿಮೆ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಗಳಿಗೆ ಚಿಲ್ಲರೆ ಅಂಗಡಿಯ ಪಾಲನ್ನು 2013ರ ಔಷಧ ಬೆಲೆ ನಿಯಂತ್ರಣ ಆದೇಶವೇ ಅಂಗಡಿಗೆ ಬೀಳುವ ಬೆಲೆಯ ಮೇಲೆ ನೂರಕ್ಕೆ 16 ಎಂದು ಲೆಕ್ಕ ಹಾಕಿದೆ. ಉಳಿದವನ್ನೂ ಸೇರಿಸಿ ಮಾರಾಟದ ನೂರಕ್ಕೆ 18 ಹಿಡಿದಾಗ ಸುಮಾರು 44,400. ಬಾಡಿಗೆ 9,000, ಸಹಾಯಕನಿಗೆ 12,000, ವಿದ್ಯುತ್ 2,500, ಅವಧಿ ಮೀರಿದ್ದು 2,500, ಒಟ್ಟು ಖರ್ಚು 26,000. ಉಳಿಯುವುದು 18,400.

ಈ 18,400 ಲಾಭವೆಂದು ತಿಳಿಯಬೇಡಿ. ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ನನ್ನ ಸೊಸೆಯ ಸಂಬಳ ಅದರಲ್ಲೇ ಇದೆ, ದಾಸ್ತಾನಿಗೆ ಹಾಕಿದ ಹಣದ ಬಡ್ಡಿಯೂ ಅದರಲ್ಲೇ ಇದೆ. ಸ್ವತಃ ಫಾರ್ಮಸಿಸ್ಟ್ ಅಲ್ಲದವರು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡು ಇದೇ ಜಾಗದಲ್ಲಿ ತೆರೆದಿದ್ದರೆ ಮೊದಲ ವರ್ಷ ಅವರ ಕೈಗೆ ಏನೂ ಉಳಿಯುತ್ತಿರಲಿಲ್ಲ. ಅಂಥವರಿಗೆ ಈ ಜಾಗ ಬೇಡ ಎಂದೇ ನಾನು ಹೇಳುತ್ತಿದ್ದೆ.

ಒಬ್ಬ ವೈದ್ಯರನ್ನು ಅಳಿಸಿ ನೋಡಿ

ಲೆಕ್ಕ ಚೆನ್ನಾಗಿ ಬಂದ ಕೂಡಲೇ ಮುಂಗಡ ಕೊಡಬೇಡಿ. ಪಟ್ಟಿಯಲ್ಲಿ ಅತಿ ಹೆಚ್ಚು ಚೀಟಿ ಬರೆಯುವ ವೈದ್ಯರ ಹೆಸರಿನ ಮೇಲೆ ಗೆರೆ ಎಳೆದು ಲೆಕ್ಕವನ್ನು ಮತ್ತೊಮ್ಮೆ ಮಾಡಿ. ನಮ್ಮ 76 ಚೀಟಿಗಳಲ್ಲಿ ಸುಮಾರು 50 ಒಬ್ಬರೇ ಮಕ್ಕಳ ವೈದ್ಯರವು. ಅವರಿಲ್ಲ ಎಂದರೆ ಉಳಿಯುವುದು 26, ನಮ್ಮ ಪಾಲಿಗೆ 9. ತಿಂಗಳ ಮಾರಾಟ 1,30,000ಕ್ಕೆ ಇಳಿಯುತ್ತದೆ, ಲಾಭಾಂಶ 23,500ರ ಸುತ್ತ, ಖರ್ಚು 26,000. ಅಂಗಡಿ ನಿಲ್ಲುವುದಿಲ್ಲ.

ಹೀಗಾಗಿ ಆ ಬಡಾವಣೆಯ ಜಾಗದ ಹಣೆಬರಹವೆಲ್ಲ ಒಬ್ಬ ವೈದ್ಯರು ಅಲ್ಲಿ ಇರುತ್ತಾರೋ ಇಲ್ಲವೋ ಎಂಬುದಕ್ಕೆ ಬಂದು ನಿಂತಿತು. ಅವರ ಚಿಕಿತ್ಸಾಲಯ ಸ್ವಂತ ಮನೆಯ ಕೆಳ ಅಂತಸ್ತಿನಲ್ಲಿದೆ. ಮೇಲೆ ಅವರೇ ವಾಸ. ಮಧ್ಯವಯಸ್ಸಿನವರು, ಹೊರಗಿನ ಆಸ್ಪತ್ರೆಗೆ ಸೇರುವ ಯೋಚನೆ ಇಲ್ಲ ಎಂದು ಅವರೇ ಹೇಳಿದರು. ಬಾಡಿಗೆ ಕಟ್ಟಡದಲ್ಲಿದ್ದು ಕರಾರು ಮುಗಿಯುತ್ತಾ ಬಂದವರಾಗಿದ್ದರೆ ನಾವು ಮೂರನೆಯ ಜಾಗ ಹುಡುಕುತ್ತಿದ್ದೆವು.

ಮುಂಗಡಕ್ಕಿಂತ ಮೊದಲು ಅಳತೆ

ಕೊನೆಯದಾಗಿ ಟೇಪು ಹಿಡಿದು ಮಳಿಗೆಯೊಳಗೆ ಹೋಗಿ. ಚಿಲ್ಲರೆ ಔಷಧ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಇರಬೇಕು. ಚಿಲ್ಲರೆ ಮತ್ತು ಸಗಟು ಎರಡಕ್ಕೂ ಆದರೆ 15. ಗೋಡೆಯೊಳಗಿನ ಅಳತೆ ನೋಡಿ. ಮಾಲೀಕರು ಹೇಳುವ ಚದರಡಿಯಲ್ಲಿ ಜಗಲಿಯೂ ಮೆಟ್ಟಿಲೂ ಸೇರಿರುತ್ತವೆ. ನಮಗೆ ಹೇಳಿದ್ದು 130 ಚದರಡಿ, ಒಳಗೆ ಅಳೆದಾಗ ಸಿಕ್ಕಿದ್ದು 112. 10 ಚದರ ಮೀಟರಿಗೆ ಸುಮಾರು 108 ಚದರಡಿ ಬೇಕಾದ್ದರಿಂದ ಕೂದಲೆಳೆಯಲ್ಲಿ ದಾಟಿತು. ಇನ್ಸುಲಿನ್, ಲಸಿಕೆ ಇಡಲು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ ಓಡಬೇಕು. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಎಷ್ಟು ಹೊತ್ತು ವಿದ್ಯುತ್ ಹೋಗುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ ಇನ್ವರ್ಟರಿನ ಖರ್ಚು ಸೇರಿಸಿ. ಹಿಂದಿನ ಗೋಡೆಗೆ ಕೈ ಇಟ್ಟು ನೋಡಿ. ತೇವ ಇದ್ದರೆ ಆ ಗೋಡೆಗೆ ಕಪಾಟು ತಾಗಿಸುವಂತಿಲ್ಲ, ಅಷ್ಟು ಜಾಗ ಹೋದಂತೆಯೇ.

ಪರವಾನಗಿ ಸಿಗುವುದು ಆ ಜಾಗಕ್ಕೆ. ನಮೂನೆ 19ರಲ್ಲಿ ಅರ್ಜಿ ಹಾಕಿದರೆ ನಮೂನೆ 20 ಮತ್ತು 21ರ ಪರವಾನಗಿಗಳು ಬರುತ್ತವೆ, ಅದರಲ್ಲಿ ವಿಳಾಸ ಇರುತ್ತದೆ. ಎರಡು ವರ್ಷದ ಮೇಲೆ ಮಾಲೀಕರು ಮಳಿಗೆ ಬಿಡಿ ಎಂದರೆ ಹೊಸ ಜಾಗಕ್ಕೆ ಮತ್ತೆ ಮೊದಲಿನಿಂದ ಪರವಾನಗಿ ಮಾಡಿಸಬೇಕು. ಅದಕ್ಕೇ ಹನ್ನೊಂದು ತಿಂಗಳ ಕರಾರಿಗೆ ಒಪ್ಪದೆ ಐದು ವರ್ಷದ ನೋಂದಾಯಿತ ಕರಾರು ಕೇಳಿದೆವು. ಮಾಲೀಕರು ವರ್ಷಕ್ಕೆ ನೂರಕ್ಕೆ ಐದು ಬಾಡಿಗೆ ಏರಿಕೆ ಕೇಳಿದರು. ಕೊಟ್ಟೆವು.

ಬಾಗಿಲು ತೆರೆದ ಮೊದಲ ದಿನದಿಂದಲೇ ಸೊಸೆ ಪ್ರತಿ ಬಿಲ್ಲಿನ ಎದುರು ಊರು ಅಥವಾ ಓಣಿಯ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಾಳೆ. ಎರಡನೆಯ ತಿಂಗಳಿನಲ್ಲಿ ದಿನಕ್ಕೆ ಸರಾಸರಿ 17 ಚೀಟಿ ಬಂದವು. ನಾವು ಹಿಡಿದ 25ಕ್ಕೆ ಇನ್ನೂ ದೂರ. ತಿಂಗಳ ಔಷಧದ ಮನೆಗಳು ಮಾತ್ರ 42ರ ಬದಲು 50 ದಾಟಿದ್ದವು. ಬಿಲ್ಲುಗಳ ಪುಟ ತಿರುವಿದಾಗ ದೇವಸ್ಥಾನದ ಹಿಂದಿನ ಓಣಿಯ ಹೆಸರು ಒಂದು ಸಲವೂ ಇರಲಿಲ್ಲ. ಹೋಗಿ ನೋಡಿದರೆ ಆ ಓಣಿಯಿಂದ ರಸ್ತೆಗೆ ಬರುವ ಕಾಲುದಾರಿಗೆ ಯಾರೋ ಬೇಲಿ ಹಾಕಿದ್ದರು. ನಾವು ಮನೆ ಎಣಿಸಿದ್ದು ಬೇಲಿ ಬರುವ ಮೊದಲು. ಆ ಓಣಿಯ 60 ಮನೆಗಳನ್ನು ಹಾಳೆಯಿಂದ ಅಳಿಸಿ, ಮನೆಗೇ ಔಷಧ ತಲುಪಿಸುವ ಪಟ್ಟಿಗೆ ಸೇರಿಸಿದಳು.